ಮೆಮೊರಿ ಅಲೊಕೇಟರ್ ಲ್ಯಾಬ್ ವರದಿ: ಒಂದು ಟ್ರೇಸ್‌ನಲ್ಲಿ ಮಾತ್ರ 54%. ಇದನ್ನು ಹೇಗೆ ಬರೆಯೋದು?

ಕಡೆಬೆಂಚು

ಎಲ್ಲರಿಗೂ ನಮಸ್ಕಾರ. ಸಿ ಭಾಷೆಯಲ್ಲಿ ನಮ್ಮದೇ `malloc`, `free`, `realloc` ಬರೆಯುವ ಲ್ಯಾಬ್ ಮುಗಿಸಿದ್ದೇನೆ. ಎಲ್ಲ ಟ್ರೇಸ್‌ಗಳೂ ತಪ್ಪಿಲ್ಲದೆ ಓಡುತ್ತಿವೆ. ವರದಿಯಲ್ಲಿ ಒಂದು ಭಾಗ ಮಾತ್ರ ಬಾಕಿ ಇದೆ: ವಿನ್ಯಾಸ ಹೀಗೇಕೆ, ಪರೀಕ್ಷೆಯಲ್ಲಿ ಏನು ಬಂತು, ಗೊತ್ತಿರುವ ಮಿತಿಗಳು ಯಾವುವು.

ವಿನ್ಯಾಸ ಇಷ್ಟೇ. 16 ಬೈಟ್ ಅಲೈನ್‌ಮೆಂಟ್. ಪ್ರತಿ ಬ್ಲಾಕ್‌ಗೆ 8 ಬೈಟ್ ಹೆಡರ್. ಫೂಟರ್ ಖಾಲಿ ಬ್ಲಾಕ್‌ಗೆ ಮಾತ್ರ. ಹಿಂದಿನ ಬ್ಲಾಕ್ ಬಳಕೆಯಲ್ಲಿದೆಯೋ ಇಲ್ಲವೋ ಅನ್ನೋದನ್ನು ಹೆಡರ್‌ನ ಒಂದು ಬಿಟ್ ಹೇಳುತ್ತದೆ. ಗಾತ್ರಕ್ಕೆ ತಕ್ಕಂತೆ ಬೇರೆ ಬೇರೆ ಫ್ರೀ ಲಿಸ್ಟ್, ಲಿಸ್ಟ್ ಒಳಗೆ ಫಸ್ಟ್ ಫಿಟ್. ಜಾಗ ಸಾಲದಿದ್ದರೆ ಹೀಪ್ 4096 ಬೈಟ್ ಬೆಳೆಯುತ್ತದೆ.

ಮೆಮೊರಿ ಯುಟಿಲೈಸೇಶನ್ ಬಹುತೇಕ ಟ್ರೇಸ್‌ಗಳಲ್ಲಿ 90 ದಾಟಿದೆ. ಕೆಳಗಿನ ಟ್ರೇಸ್‌ನಲ್ಲಿ ಮಾತ್ರ 53.7%.

```
a 0 64
a 1 448
a 2 64
a 3 448
...
f 1
f 3
...
a 4000 512
a 4001 512
...
```

64 ಮತ್ತು 448 ಬೈಟ್‌ಗಳ 2000 ಜೋಡಿ ಕೇಳುತ್ತದೆ. ಆಮೇಲೆ 448 ಇರುವುದನ್ನೆಲ್ಲ ಫ್ರೀ ಮಾಡುತ್ತದೆ. ಕೊನೆಗೆ 2000 ಸಲ 512 ಕೇಳುತ್ತದೆ. ಇದನ್ನು "ಮಿತಿಗಳು" ಅಂತ ಒಂದು ಸಾಲಲ್ಲಿ ಬರೆದು ಬಿಡಲಾ, ಅಥವಾ ಮೊದಲು ಸರಿಪಡಿಸಬೇಕಾ?

ಶೂನ್ಯವಿಳಾಸ

ಕೋಲೆಸಿಂಗ್ ಕೆಟ್ಟಿದೆ. ಖಾಲಿ ಬ್ಲಾಕ್‌ಗಳು ಒಂದಕ್ಕೊಂದು ಕೂಡುತ್ತಿಲ್ಲ. ಅಲ್ಲಿ ನೋಡಿ.

ಪಾಯಿಂಟರ್ ಪ್ರಿಯ

ಫಸ್ಟ್ ಫಿಟ್ ಬಿಟ್ಟು ಬೆಸ್ಟ್ ಫಿಟ್ ಹಾಕಿ. ಫಸ್ಟ್ ಫಿಟ್ ಸಿಕ್ಕಿದ ದೊಡ್ಡ ಬ್ಲಾಕ್ ಅನ್ನು ಸುಮ್ನೆ ಚೂರು ಮಾಡಿ ಹಾಳು ಮಾಡುತ್ತದೆ. ನಾನು ಬದಲಾಯಿಸಿದಾಗ ಎಲ್ಲ ಟ್ರೇಸ್‌ಗಳ ಸರಾಸರಿ ಯುಟಿಲೈಸೇಶನ್ ಏರಿತ್ತು. ವೇಗ ಸ್ವಲ್ಪ ಇಳಿಯಿತು, ಆದರೆ ಲಾಭವೇ ಜಾಸ್ತಿ.

ಹೊಸ ಕಂಪೈಲರ್

ಅರ್ಧದಷ್ಟು ಮೆಮೊರಿ ಹೋಗುತ್ತಿದೆ ಅಂದರೆ ಎಲ್ಲೋ ಲೀಕ್ ಇದೆ ಅಲ್ವಾ? ವ್ಯಾಲ್‌ಗ್ರೈಂಡ್ ಓಡಿಸಿ ನೋಡಿ, ಯಾವ ಸಾಲು ಅಂತ ಅದೇ ತೋರಿಸುತ್ತದೆ.

ಹಳೇ ಟರ್ಮಿನಲ್

ಮೂರೂ ಅಲ್ಲ. ಕಾಗದದ ಮೇಲೆ ಲೆಕ್ಕ ಹಾಕಿದರೆ ಯಾಕೆ ಅಂತ ಕಾಣುತ್ತದೆ. ವರದಿಗೆ ಬೇಕಾಗಿರುವುದೂ ಅದೇ ಲೆಕ್ಕ.

64 ಬೈಟ್ ಕೇಳಿದರೆ ಹೆಡರ್ ಸೇರಿ 72, ಅದನ್ನು 16ರ ಗುಣಕಕ್ಕೆ ಏರಿಸಿದರೆ 80. ಅದೇ ರೀತಿ 448ಕ್ಕೆ 464, 512ಕ್ಕೆ 528. ಮೊದಲ ಹಂತ ಮುಗಿದಾಗ ಹೀಪ್ ಹೀಗಿರುತ್ತದೆ: 80, 464, 80, 464, 80, 464. ಈಗ 464 ಇರುವುದೆಲ್ಲ ಖಾಲಿಯಾದವು. ಆದರೆ ಎರಡು ಖಾಲಿ ಬ್ಲಾಕ್‌ಗಳ ನಡುವೆ ಬಳಕೆಯಲ್ಲಿರುವ ಒಂದು 80 ಕೂತಿದೆ. ಅಕ್ಕಪಕ್ಕ ಖಾಲಿ ಇಲ್ಲದ ಮೇಲೆ ಕೋಲೆಸಿಂಗ್ ಕೂಡಿಸುವುದಾದರೂ ಏನನ್ನು?

ಮೂರನೇ ಹಂತದಲ್ಲಿ 528 ಬೇಕು. ಇರುವ ಒಂದೊಂದು ಖಾಲಿ ಜಾಗವೂ 464. ಎರಡು ಸಾವಿರ ಖಾಲಿ ಜಾಗಗಳಿದ್ದರೂ ಒಂದೂ ಸಾಲದು. ಹಾಗಾಗಿ ಎಲ್ಲ 512ಗಳೂ ಹೊಸ ಜಾಗಕ್ಕೆ ಹೋಗುತ್ತವೆ. ಪ್ರತಿ ಜೋಡಿಗೆ ಹೀಪ್‌ನಲ್ಲಿ ಹಿಡಿದ ಜಾಗ 80 + 464 + 528 = 1072. ಕೊನೆಯಲ್ಲಿ ನಿಜವಾಗಿ ಬಳಕೆಯಲ್ಲಿರುವುದು 64 + 512 = 576. ಭಾಗಿಸಿದರೆ 53.7%. ನಿಮ್ಮ ಅಂಕಿ ಸರಿಯಾಗಿ ಇದೇ.

ಪಾಯಿಂಟರ್ ಪ್ರಿಯ ಅವರೇ, ಬೆಸ್ಟ್ ಫಿಟ್ ಆರಿಸಬೇಕಾದರೆ ಆಯ್ಕೆ ಇರಬೇಕು. ಇಲ್ಲಿ 528 ಹಿಡಿಸುವ ಹಳೆಯ ಜಾಗ ಒಂದೂ ಇಲ್ಲ. ಯಾವ ಫಿಟ್ ಹಾಕಿದರೂ 53.7 ಬರುತ್ತದೆ.

ಪಾಯಿಂಟರ್ ಪ್ರಿಯ

ಈ ಟ್ರೇಸ್‌ಗೆ ಒಪ್ಪಿದೆ. ಸರಾಸರಿಗೆ ಬೆಸ್ಟ್ ಫಿಟ್ ಒಳ್ಳೆಯದು ಅನ್ನೋದು ಹಾಗೇ ಇರಲಿ. ವರದಿಯಲ್ಲಿ ಕೇಳುವುದು ಒಟ್ಟು ಅಂಕ ತಾನೆ?

ಹಳೇ ಟರ್ಮಿನಲ್

ಇರಲಿ. ಆದರೆ ಅವರ ಫ್ರೀ ಲಿಸ್ಟ್‌ಗಳು ಆಗಲೇ ಗಾತ್ರದ ಪ್ರಕಾರ ವಿಂಗಡಿಸಿವೆ. ಹಾಗೆ ವಿಂಗಡಿಸಿದ ಮೇಲೆ ಫಸ್ಟ್ ಫಿಟ್ ಕೂಡ ಬೆಸ್ಟ್ ಫಿಟ್‌ನ ಹತ್ತಿರಕ್ಕೆ ಬರುತ್ತದೆ. ನೀವು ಕಂಡ ಏರಿಕೆ ಒಂದೇ ಉದ್ದ ಲಿಸ್ಟ್ ಇದ್ದಾಗಿನದು ಅಂತ ನನ್ನ ಊಹೆ.

ಹೊಸ ಕಂಪೈಲರ್ ಅವರೇ, ಲೀಕ್ ಅಂದರೆ ಪ್ರೋಗ್ರಾಂ ತೆಗೆದುಕೊಂಡ ಜಾಗವನ್ನು ಫ್ರೀ ಮಾಡದೇ ಇರೋದು. ಇಲ್ಲಿ ಪ್ರೋಗ್ರಾಂ ಫ್ರೀ ಮಾಡಿದೆ. ಅಲೊಕೇಟರ್‌ಗೆ ಆ ಜಾಗವನ್ನು ಮತ್ತೆ ಬಳಸಲು ಆಗುತ್ತಿಲ್ಲ, ಅಷ್ಟೇ.

ಶೂನ್ಯವಿಳಾಸ

ಆದರೂ ಕೋಲೆಸಿಂಗ್ ಸರಿ ಇದೆ ಅಂತ ಹೇಗೆ ಗೊತ್ತು? ಅವರು ತೋರಿಸಿಲ್ಲ. 53.7 ಅಂಕಿ ಹೊಂದಿತು ಅಂದ ಮಾತ್ರಕ್ಕೆ ಬೇರೆ ಕಡೆ ತಪ್ಪಿಲ್ಲ ಅಂತ ಆಗಲ್ಲ.

ಬಿಟ್ ಬೇಟೆ

ಈ ಪ್ರಶ್ನೆ ನ್ಯಾಯವಾದದ್ದೇ. ಇದಕ್ಕೆ ಹೀಪ್ ಚೆಕರ್ ಬೇಕು. ಹೀಪ್‌ನ ಮೊದಲಿನಿಂದ ಕೊನೆತನಕ ನಡೆಯುತ್ತಾ ಇದೊಂದನ್ನು ನೋಡಿ:

```c
if (!is_alloc(b) && !is_alloc(next(b)))
    printf("uncoalesced %p\n", (void *)b);
```

ಪ್ರತಿ `free` ಆದ ಮೇಲೂ ಓಡಿಸಿ. ಏನೂ ಅಚ್ಚಾಗದಿದ್ದರೆ ಕೂಡಿಸುವ ಕೆಲಸ ಸರಿ ಇದೆ. ವರದಿಯಲ್ಲಿ "ಕೋಲೆಸಿಂಗ್ ಸರಿಯಾಗಿದೆ" ಅಂತ ಬರೆಯೋದಕ್ಕಿಂತ "ಈ ಪರೀಕ್ಷೆ ಎಲ್ಲ ಟ್ರೇಸ್‌ಗಳಲ್ಲೂ ಮೌನವಾಗಿತ್ತು" ಅಂತ ಬರೆದರೆ ಓದುವವರು ನಂಬುತ್ತಾರೆ.

ಜೊತೆಗೆ ಇನ್ನೆರಡು ಪರಿಶೀಲನೆ ಸೇರಿಸಿ. ಒಂದು, ಫ್ರೀ ಲಿಸ್ಟ್‌ಗಳಲ್ಲಿ ಇರುವ ಬ್ಲಾಕ್‌ಗಳ ಸಂಖ್ಯೆ ಮತ್ತು ಹೀಪ್ ನಡೆದಾಗ ಸಿಗುವ ಖಾಲಿ ಬ್ಲಾಕ್‌ಗಳ ಸಂಖ್ಯೆ ಒಂದೇ ಆಗಿರಬೇಕು. ಇನ್ನೊಂದು, ಪ್ರತಿ ಹೆಡರ್‌ನ "ಹಿಂದಿನದು ಬಳಕೆಯಲ್ಲಿದೆ" ಬಿಟ್ ನಿಜಕ್ಕೂ ಹಿಂದಿನ ಬ್ಲಾಕ್‌ನ ಸ್ಥಿತಿಗೆ ಹೊಂದಬೇಕು. ಫೂಟರ್ ತೆಗೆದವರಿಗೆ ಈ ಎರಡನೆಯದು ತುಂಬಾ ಮುಖ್ಯ.

ಕಡೆಬೆಂಚು

ಚೆಕರ್ ಓಡಿಸಿದೆ, ಏನೂ ಅಚ್ಚಾಗಲಿಲ್ಲ. ಹಳೇ ಟರ್ಮಿನಲ್ ಸರ್, ಲೆಕ್ಕಕ್ಕೆ ಧನ್ಯವಾದ.

ಇನ್ನೊಂದು ಗೊಂದಲ. ವಿನ್ಯಾಸದ ಭಾಗದಲ್ಲಿ "ಬಳಕೆಯಲ್ಲಿರುವ ಬ್ಲಾಕ್‌ಗಳ ಫೂಟರ್ ತೆಗೆದದ್ದರಿಂದ ಯುಟಿಲೈಸೇಶನ್ ಏರಿತು" ಅಂತ ಬರೆದಿದ್ದೆ. ಆದರೆ ಈ ಟ್ರೇಸ್ ಮೊದಲೂ 53.7, ಈಗಲೂ 53.7. ಒಂದು ಚೂರೂ ಬದಲಾಗಿಲ್ಲ. ಪ್ರತಿ ಬ್ಲಾಕ್‌ಗೆ 8 ಬೈಟ್ ಉಳಿಯಬೇಕಿತ್ತಲ್ಲ?

ಬಿಟ್ ಬೇಟೆ

ಉಳಿದ 8 ಬೈಟನ್ನು ಅಲೈನ್‌ಮೆಂಟ್ ನುಂಗಿದೆ. 64ಕ್ಕೆ ಹೆಡರ್, ಫೂಟರ್ ಎರಡೂ ಸೇರಿಸಿದರೆ 80. ಹೆಡರ್ ಮಾತ್ರ ಸೇರಿಸಿದರೆ 72, ಆದರೆ ಏರಿಸಿದ ಮೇಲೆ ಅದೂ 80. 448 ಮತ್ತು 512ರ ಕಥೆಯೂ ಇದೇ, ಮೂರೂ 16ರ ಗುಣಕಗಳು.

ಲಾಭ ಯಾವಾಗ ಅಂದರೆ, ಕೇಳಿದ ಗಾತ್ರವನ್ನು 16ರಿಂದ ಭಾಗಿಸಿದಾಗ ಶೇಷ 1ರಿಂದ 8ರ ಒಳಗೆ ಬಂದಾಗ. ಆಗ 8 ಅಲ್ಲ, ಪೂರ್ತಿ 16 ಬೈಟ್ ಉಳಿಯುತ್ತದೆ. 24 ತೆಗೆದುಕೊಳ್ಳಿ: ಫೂಟರ್ ಇದ್ದರೆ 40, ಏರಿಸಿದರೆ 48. ಇಲ್ಲದಿದ್ದರೆ 32. ಬರೀ 24 ಬೈಟ್ ಕೇಳುವ ಪ್ರೋಗ್ರಾಂನಲ್ಲಿ ಯುಟಿಲೈಸೇಶನ್ 50ರಿಂದ 75ಕ್ಕೆ ಹೋಗುತ್ತದೆ. ಶೇಷ 0 ಅಥವಾ 9ರಿಂದ 15 ಬಂದರೆ ಏನೂ ಉಳಿಯಲ್ಲ.

ಹಾಗಾಗಿ ವಾಕ್ಯ ಬದಲಾಯಿಸಿ. ಯಾವ ಗಾತ್ರಗಳಿಗೆ ಏರಿತು, ಯಾವುದಕ್ಕೆ ಏರಲಿಲ್ಲ ಅಂತ ಬರೆಯಿರಿ. ಆ 53.7 ಬದಲಾಗದೇ ಇರುವುದೇ ನಿಮ್ಮ ವಿವರಣೆಗೆ ಒಳ್ಳೆಯ ಸಾಕ್ಷಿ.

ರಾತ್ರಿ ಡಿಬಗ್ಗರ್

ಫೂಟರ್ ವಿಷಯ ಬಂದದ್ದರಿಂದ ನನ್ನದೂ ಒಂದು. ಫೂಟರ್ ತೆಗೆದ ಮೇಲೆ ನನ್ನ ಕೋಡ್ ಸಣ್ಣ ಟ್ರೇಸ್‌ಗಳನ್ನೆಲ್ಲ ದಾಟುತ್ತಿತ್ತು. ದೊಡ್ಡದರಲ್ಲಿ ಮಾತ್ರ ಮಧ್ಯದಲ್ಲಿ ಸೆಗ್‌ಫಾಲ್ಟ್. ಅದೂ `free` ಒಳಗೆ, ಕಾರಣಕ್ಕೆ ಸಂಬಂಧವೇ ಇಲ್ಲದ ಜಾಗದಲ್ಲಿ.

ಕಾರಣ ಹೀಪ್ ಬೆಳೆಸುವ ಫಂಕ್ಷನ್‌ನಲ್ಲಿತ್ತು. ಹೀಪ್‌ನ ಕೊನೆಯಲ್ಲಿ ಎಪಿಲಾಗ್ ಹೆಡರ್ ಇರುತ್ತದಲ್ಲ, ಹೀಪ್ ಬೆಳೆದಾಗ ಅದೇ ಜಾಗ ಹೊಸ ಬ್ಲಾಕ್‌ನ ಹೆಡರ್ ಆಗುತ್ತದೆ. ಹೊಸ ಗಾತ್ರ ಬರೆಯುವಾಗ ಹಳೆಯ ಎಪಿಲಾಗ್‌ನಲ್ಲಿದ್ದ "ಹಿಂದಿನದು ಬಳಕೆಯಲ್ಲಿದೆ" ಬಿಟ್ ಅಳಿಸಿಹೋಗುತ್ತಿತ್ತು. ಆಮೇಲೆ ಕೋಲೆಸಿಂಗ್ ಹಿಂದಿನ ಬ್ಲಾಕ್ ಖಾಲಿ ಅಂತ ನಂಬಿ, ಬಳಕೆದಾರರ ಡೇಟಾವನ್ನೇ ಫೂಟರ್ ಅಂತ ಓದಿ, ಆ ಸಂಖ್ಯೆಯಷ್ಟು ಹಿಂದಕ್ಕೆ ಹಾರುತ್ತಿತ್ತು. ಸಣ್ಣ ಟ್ರೇಸ್‌ಗಳಲ್ಲಿ ಹೀಪ್ ಎರಡನೇ ಸಲ ಬೆಳೆಯುವುದೇ ಇಲ್ಲ, ಅದಕ್ಕೇ ಗೊತ್ತಾಗಲಿಲ್ಲ. ಬಿಟ್ ಬೇಟೆ ಹೇಳಿದ ಎರಡನೇ ಪರಿಶೀಲನೆ ಇದನ್ನು ಮೊದಲ ಸಲ ಹೀಪ್ ಬೆಳೆದ ಕೂಡಲೇ ಹಿಡಿಯುತ್ತದೆ.

ವೇಗದ ಹುಚ್ಚು

ವಿಷಯಕ್ಕೆ ಬರೋಣ. 448 ಕೇಳಿದಾಗ 512 ಕೊಡಿ, ಮುಗಿಯಿತು. ಗಾತ್ರವನ್ನು ಮುಂದಿನ ಎರಡರ ಘಾತಕ್ಕೆ ಏರಿಸಿದರೆ ಫ್ರೀ ಆದ ಜಾಗಕ್ಕೆ 512 ಸರಿಯಾಗಿ ಕೂರುತ್ತದೆ. ಪ್ರತಿ ಜೋಡಿಗೆ 80 + 528 = 608. 576 ಭಾಗ 608 ಅಂದರೆ 94.7%. ಎರಡು ಸಾಲು ಕೋಡ್.

ಕಡೆಬೆಂಚು

ಅಯ್ಯೋ, ಇಷ್ಟು ಸುಲಭವಾ?

ಹಳೇ ಟರ್ಮಿನಲ್

ಸುಲಭ, ಆದರೆ ಇದು ಟ್ರೇಸ್ ನೋಡಿ ಬರೆದ ಉತ್ತರ. 260 ಬೈಟ್ ಮಾತ್ರ ಕೇಳುವ ಒಂದು ಟ್ರೇಸ್ ನೀವೇ ಬರೆದು ಓಡಿಸಿ. ಈಗಿನ ಕೋಡ್ 260ಕ್ಕೆ 272 ಕೊಡುತ್ತದೆ, 95.6%. ಏರಿಸಿದರೆ 260 ಹೋಗಿ 512, ಬ್ಲಾಕ್ 528, ಯುಟಿಲೈಸೇಶನ್ 49.2%. ಒಂದು ಕಡೆಯ ತೂತು ಮುಚ್ಚಲು ಇನ್ನೊಂದು ಕಡೆ ಅದಕ್ಕಿಂತ ದೊಡ್ಡದನ್ನು ತೆರೆದ ಹಾಗೆ.

ವೇಗದ ಹುಚ್ಚು

ಆ 260ರ ಟ್ರೇಸ್ ಮೌಲ್ಯಮಾಪನದಲ್ಲಿ ಇಲ್ಲವಲ್ಲ. ಅಂಕ ಬರೋದು ಕೊಟ್ಟಿರುವ ಟ್ರೇಸ್‌ಗಳಿಗೆ. ಕೊಟ್ಟ ಕೆಲಸಕ್ಕೆ ತಕ್ಕಂತೆ ಅಲೊಕೇಟರ್ ಹೊಂದಿಸುವುದು ತಪ್ಪು ಅಂತ ಯಾರು ಹೇಳಿದರು? ನಿಜವಾದ ಕೆಲಸದಲ್ಲೂ ಪ್ರೋಗ್ರಾಂನ ಅಳತೆ ತೆಗೆದುಕೊಂಡೇ ಹೊಂದಿಸುತ್ತಾರೆ.

ವರದಿ ತಿದ್ದುವವಳು

ನಾನು ಇಂಥ ವರದಿಗಳನ್ನು ಓದಿ ಅಂಕ ಹಾಕುತ್ತೇನೆ, ಅದಕ್ಕೇ ಹೇಳುತ್ತಿದ್ದೇನೆ. ಹೊಂದಿಸುವುದು ತಪ್ಪಲ್ಲ. ಹೊಂದಿಸಿದ್ದನ್ನು ಬರೆಯದೇ ಇರುವುದು ತಪ್ಪು. "ಆಂತರಿಕ ಫ್ರಾಗ್ಮೆಂಟೇಶನ್ ಕಡಿಮೆ ಮಾಡಲು ಗಾತ್ರವನ್ನು ಎರಡರ ಘಾತಕ್ಕೆ ಏರಿಸಿದೆವು" ಅಂತ ಬರೆದ ವರದಿಗಳು ಬರುತ್ತವೆ. ಅದು ಆಂತರಿಕ ಫ್ರಾಗ್ಮೆಂಟೇಶನ್ ಅನ್ನು ಹೆಚ್ಚು ಮಾಡುತ್ತದೆ! ಬಾಹ್ಯ ಫ್ರಾಗ್ಮೆಂಟೇಶನ್ ಕಡಿಮೆಯಾಗುವುದು ಈ ಒಂದು ಮಾದರಿಯಲ್ಲಿ ಮಾತ್ರ. ಆ ಒಂದು ವಾಕ್ಯದಿಂದಲೇ ಬರೆದವರಿಗೆ ಅರ್ಥವಾಗಿಲ್ಲ ಅಂತ ತಿಳಿಯುತ್ತದೆ.

ವೇಗದ ಹುಚ್ಚು

ಬರೆಯಲಿ, ನಾನೇನು ಮುಚ್ಚಿಡಿ ಅಂದೆನಾ. 94.7 ಅಂತೂ ಬರುತ್ತದೆ.

ಹಳೇ ಟರ್ಮಿನಲ್

ಈ ಬ್ಲಾಕ್ ವಿನ್ಯಾಸದಲ್ಲಿ ಆ ಟ್ರೇಸ್‌ಗೆ 94.7 ಮೇಲ್ಮಿತಿ, ಅದು ನಿಜ. ಕೊನೆಯಲ್ಲಿ 80 ಮತ್ತು 528 ಇರಲೇಬೇಕು, ಅದಕ್ಕಿಂತ ಕಡಿಮೆ ಜಾಗದಲ್ಲಿ ಆಗಲ್ಲ. ಆದರೆ ಗಾತ್ರ ಮುಟ್ಟದೆ ಅದರ ಹತ್ತಿರಕ್ಕೆ ಹೋಗುವ ದಾರಿ ಇದೆ.

ಸಮಸ್ಯೆ ಇರೋದು ಚಿಕ್ಕವು ದೊಡ್ಡವುಗಳ ಮಧ್ಯೆ ಕೂರುವುದರಲ್ಲಿ. ಖಾಲಿ ಬ್ಲಾಕ್ ಒಂದನ್ನು ಒಡೆಯುವಾಗ ಚಿಕ್ಕ ಕೋರಿಕೆಗೆ ಮುಂದಿನ ತುದಿಯಿಂದ ಕೊಡಿ, ದೊಡ್ಡದಕ್ಕೆ ಹಿಂದಿನ ತುದಿಯಿಂದ ಕೊಡಿ.

```c
if (asize < 100) use_front(b, asize);
else             use_back(b, asize);
```

ಆಗ ಒಂದು 4096ರ ತುಂಡಿನಲ್ಲಿ 80ಗಳೆಲ್ಲ ಒಂದು ಕಡೆ, 464ಗಳೆಲ್ಲ ಇನ್ನೊಂದು ಕಡೆ ಸೇರುತ್ತವೆ. 464ಗಳು ಫ್ರೀ ಆದಾಗ ಪಕ್ಕಪಕ್ಕದಲ್ಲೇ ಇರುವುದರಿಂದ ಕೂಡಿಕೊಳ್ಳುತ್ತವೆ. ಏಳು ಸೇರಿದರೆ 3248 ಬೈಟ್, ಅದರಲ್ಲಿ ಆರು 528 ಹಿಡಿಯುತ್ತವೆ. ಪ್ರತಿ ತುಂಡಿನಲ್ಲೂ ಸುಮಾರು ಒಂದು 512ಕ್ಕೆ ಜಾಗ ಸಿಗದೆ ಹೊರಗೆ ಹೋಗುತ್ತದೆ, ಅಷ್ಟೇ ನಷ್ಟ. ಯುಟಿಲೈಸೇಶನ್ 93ರ ಆಸುಪಾಸು ಬರುತ್ತದೆ. 260ರ ಟ್ರೇಸ್‌ಗೆ ಏನೂ ತೊಂದರೆ ಇಲ್ಲ, ಅಲ್ಲಿ ಗಾತ್ರ ಬದಲಾಗಿಲ್ಲವಲ್ಲ.

ಕಡೆಬೆಂಚು

ಹಾಕಿ ನೋಡಿದೆ ಸರ್. 93 ಮುಟ್ಟಿತು! ಬೇರೆ ಟ್ರೇಸ್‌ಗಳಲ್ಲಿ ದೊಡ್ಡ ವ್ಯತ್ಯಾಸ ಇಲ್ಲ. ಹೀಪ್ ಬೆಳೆಯುವ ತುಂಡನ್ನು 4096ರಿಂದ 65536 ಮಾಡಿದರೆ ಇನ್ನೂ ಮೇಲೆ ಹೋಗುತ್ತದಾ?

ಬಿಟ್ ಬೇಟೆ

ಈ ಟ್ರೇಸ್‌ನಲ್ಲಿ ಹೋಗುತ್ತದೆ, ತುಂಡು ದೊಡ್ಡದಾದಷ್ಟೂ ತುದಿಯ ನಷ್ಟ ಕಡಿಮೆ. ಆದರೆ ಒಟ್ಟು ಹತ್ತಿಪ್ಪತ್ತು ಸಾವಿರ ಬೈಟ್ ಬಳಸುವ ಚಿಕ್ಕ ಟ್ರೇಸ್‌ಗೆ 65536 ಕೊಟ್ಟರೆ ಅಲ್ಲೇ ಯುಟಿಲೈಸೇಶನ್ ನೆಲ ಕಚ್ಚುತ್ತದೆ. ಅಳೆಯುವಾಗ ಹೀಪ್‌ನ ಪೂರ್ತಿ ಗಾತ್ರದಿಂದ ಭಾಗಿಸುತ್ತಾರೆ. ಬಳಸದೆ ಉಳಿದದ್ದೂ ನಿಮ್ಮ ಲೆಕ್ಕಕ್ಕೇ ಬರುತ್ತದೆ.

ಪಾಯಿಂಟರ್ ಪ್ರಿಯ

ಆ 100 ಎಲ್ಲಿಂದ ಬಂತು? ಅದೂ ಟ್ರೇಸ್ ನೋಡಿ ಬರೆದ ಸಂಖ್ಯೆಯೇ ಅಲ್ವಾ? ವೇಗದ ಹುಚ್ಚು ಅವರನ್ನು ಮಾತ್ರ ಬೈದರೆ ಹೇಗೆ.

ಹಳೇ ಟರ್ಮಿನಲ್

ಒಳ್ಳೆಯ ಪ್ರಶ್ನೆ, ತಪ್ಪಿಸಿಕೊಳ್ಳಲ್ಲ. 100 ಕೂಡ ಆರಿಸಿದ ಸಂಖ್ಯೆಯೇ. 64ರ ಬದಲು 112 ಹಾಕಿ ಟ್ರೇಸ್ ಬರೆಯಿರಿ. 112ರ ಬ್ಲಾಕ್ 128, ಅದು 100ಕ್ಕಿಂತ ದೊಡ್ಡದು. ಈಗ ಎರಡೂ ಹಿಂದಿನ ತುದಿಯಿಂದಲೇ ಹೋಗುತ್ತವೆ, ಮತ್ತೆ ಒಂದು ಬಿಟ್ಟು ಒಂದು ಕೂರುತ್ತವೆ. 128 + 464 + 528 = 1120, ಬಳಕೆ 624, ಅಂದರೆ 55.7%. ಸಮಸ್ಯೆ ಹಾಗೇ ವಾಪಸ್.

ಎರಡಕ್ಕೂ ವ್ಯತ್ಯಾಸ ಇಷ್ಟು: ನನ್ನದು ಸೋತಾಗ ಮೊದಲಿದ್ದ ಸ್ಥಿತಿಗೆ ಮರಳುತ್ತದೆ. ಎರಡರ ಘಾತದ್ದು ಸೋತಾಗ ಮೊದಲಿಗಿಂತ ಕೆಟ್ಟದಾಗುತ್ತದೆ. ನನಗೆ ಈ ವ್ಯತ್ಯಾಸ ದೊಡ್ಡದು.

ಪಾಯಿಂಟರ್ ಪ್ರಿಯ

ಮೊದಲಿನ ಸ್ಥಿತಿಗಿಂತ ಕೆಟ್ಟದಾಗುವ ಟ್ರೇಸ್ ಒಂದೂ ಇಲ್ಲ ಅಂತ ಹೇಳೋಕಾಗುತ್ತಾ? ದೊಡ್ಡವು ಶಾಶ್ವತವಾಗಿ ಉಳಿದು ಹೀಪ್‌ನ ಕೊನೆಯಲ್ಲೇ ಕೂತರೆ, ತುಂಡಿನ ಮಧ್ಯದಲ್ಲಿ ಉಳಿದ ಖಾಲಿ ಜಾಗ ಮುಂದಿನ ತುಂಡಿಗೆ ಕೂಡಲ್ಲ. ಮೊದಲಿನ ವಿಧಾನದಲ್ಲಿ ಆ ಉಳಿಕೆ ಹೀಪ್‌ನ ತುದಿಯಲ್ಲೇ ಇರುತ್ತಿತ್ತು, ಹೊಸ ತುಂಡು ಬಂದ ಕೂಡಲೇ ಸೇರಿಕೊಳ್ಳುತ್ತಿತ್ತು.

ಹಳೇ ಟರ್ಮಿನಲ್

ಇದು ಸರಿಯಾದ ಪಾಯಿಂಟ್. ಪ್ರತಿ ತುಂಡಿನ ಮಧ್ಯೆ ಒಂದು ಉಳಿಕೆ ಬೀಳುತ್ತದೆ. ಚಿಕ್ಕ ಕೋರಿಕೆಗಳು ಬರುತ್ತಿದ್ದರೆ ಅವು ಅದನ್ನು ತುಂಬುತ್ತವೆ. ಬರೀ ದೊಡ್ಡವೇ ಬಂದರೆ ಉಳಿಕೆ ವ್ಯರ್ಥ. ಕಡೆಬೆಂಚು ಅವರೇ, ಇದನ್ನು ಮಿತಿಗಳಲ್ಲಿ ಖಂಡಿತ ಬರೆಯಿರಿ.

ಬ್ಲಾಕ್‌ಗಳನ್ನು ಸರಿಸಲು ಅನುಮತಿ ಇಲ್ಲದ ಯಾವ ಅಲೊಕೇಟರ್‌ಗೂ ಕೆಟ್ಟ ಕ್ರಮ ಒಂದಿದ್ದೇ ಇರುತ್ತದೆ. ರಾಬ್ಸನ್ 1970ರ ದಶಕದಲ್ಲೇ ಇದನ್ನು ಗಣಿತದಿಂದ ತೋರಿಸಿದ್ದಾರೆ. ಆದ್ದರಿಂದ ಪ್ರಶ್ನೆ "ಸೋಲುತ್ತದೆಯೇ" ಅಲ್ಲ, "ಯಾವ ಮಾದರಿಗೆ ಸೋಲುತ್ತದೆ".

ಹೊಸ ಕಂಪೈಲರ್

ಹಾಗಾದರೆ ಲಿನಕ್ಸ್‌ನಲ್ಲಿ ಇರುವ ನಿಜವಾದ `malloc` ಇದನ್ನು ಹೇಗೆ ತಪ್ಪಿಸುತ್ತದೆ?

ರಾತ್ರಿ ಡಿಬಗ್ಗರ್

`glibc` ತಪ್ಪಿಸಲ್ಲ! 64 ಬಿಟ್‌ನಲ್ಲಿ ಅದರ ಗಾತ್ರಗಳೂ ಇವೇ: 80, 464, 528. ಹಿಂದಿನದು ಬಳಕೆಯಲ್ಲಿದೆ ಅನ್ನುವ ಬಿಟ್ ಕೂಡ ಅದರಲ್ಲಿದೆ, ಹೆಸರು `PREV_INUSE`. ಇದೇ ಕ್ರಮದಲ್ಲಿ ಕೇಳಿ, ಮೊದಲು ಮತ್ತು ಕೊನೆಗೆ `sbrk(0)` ಅಚ್ಚು ಮಾಡಿ ನೋಡಿ. ಹೀಪ್ ಸುಮಾರು ಇಪ್ಪತ್ತೊಂದು ಲಕ್ಷ ಬೈಟ್ ಬೆಳೆದಿರುತ್ತದೆ.

`jemalloc` ತರಹದವು ಬೇರೆ. ಒಂದೊಂದು ಗಾತ್ರಕ್ಕೂ ಬೇರೆ ಪುಟಗಳ ಗುಂಪು ಇಡುತ್ತವೆ. 64 ಮತ್ತು 448 ಪಕ್ಕಪಕ್ಕ ಕೂರುವುದೇ ಇಲ್ಲ. 448ರ ಗುಂಪು ಪೂರ್ತಿ ಖಾಲಿಯಾದರೆ ಆ ಪುಟಗಳನ್ನು 512ಕ್ಕೆ ಕೊಡಬಹುದು. ಆದರೆ ಗುಂಪಿನಲ್ಲಿ ಒಂದೇ ಒಂದು 448 ಉಳಿದರೂ ಅಷ್ಟೂ ಪುಟಗಳು ಸಿಕ್ಕಿಬೀಳುತ್ತವೆ. ಅಲ್ಲಿಯ ಸೋಲು ಬೇರೆ ಥರ.

ವೇಗದ ಹುಚ್ಚು

ಎಲ್ಲರೂ ಜಾಗದ ಬಗ್ಗೆಯೇ ಮಾತಾಡುತ್ತಿದ್ದೀರಿ. ವೇಗದ ಫಲಿತಾಂಶ ಹೇಗೆ ಬರೆಯುತ್ತೀರಿ? ಸೆಕೆಂಡಿಗೆ ಇಷ್ಟು ಆಪರೇಶನ್ ಅಂತ ಒಂದು ಸಂಖ್ಯೆ ಹಾಕಿದರೆ ಏನೂ ಅರ್ಥವಿಲ್ಲ. ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಾಕಿದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು.

ಕಡೆಬೆಂಚು

ಅದಕ್ಕೇ ಅದೇ ಯಂತ್ರದಲ್ಲಿ ಸಿಸ್ಟಮ್‌ನ `malloc` ಜೊತೆ ಹೋಲಿಸಿ ಅನುಪಾತ ಕೊಡೋಣ ಅಂತಿದ್ದೇನೆ. ಹಲವು ಸಲ ಓಡಿಸಿ ಮಧ್ಯದ ಬೆಲೆ ತೆಗೆದುಕೊಳ್ಳುತ್ತೇನೆ.

ವೇಗದ ಹುಚ್ಚು

ಚೆಕರ್ ಆಫ್ ಮಾಡಿಯೇ ಅಳೆಯಿರಿ ಮತ್ತೆ. ಪ್ರತಿ `free`ಗೂ ಪೂರ್ತಿ ಹೀಪ್ ನಡೆದರೆ ಸಮಯ ಬ್ಲಾಕ್‌ಗಳ ಸಂಖ್ಯೆಯ ವರ್ಗದಂತೆ ಬೆಳೆಯುತ್ತದೆ.

ವರದಿ ತಿದ್ದುವವಳು

ಮಿತಿಗಳ ಬಗ್ಗೆ ಒಂದು ಮಾತು. ಬಹಳ ಜನ ಅಲ್ಲಿ "ಥ್ರೆಡ್‌ಗಳಿಗೆ ಸುರಕ್ಷಿತವಲ್ಲ, ಮೆಮೊರಿ ವಾಪಸ್ ಕೊಡಲ್ಲ, ಎರಡು ಸಲ ಫ್ರೀ ಮಾಡಿದರೆ ಗೊತ್ತಾಗಲ್ಲ" ಅಂತ ಬರೆದು ಮುಗಿಸುತ್ತಾರೆ. ಎಲ್ಲವೂ ನಿಜವೇ, ಆದರೆ ಯಾರ ಅಲೊಕೇಟರ್‌ಗೂ ಹೊಂದುವ ಸಾಲುಗಳು. ನಾನು ಹುಡುಕೋದು ನಿಮ್ಮ ಕೋಡ್‌ಗೆ ಮಾತ್ರ ಸೇರಿದ ಮಿತಿಯನ್ನು. ಯಾವ ಇನ್‌ಪುಟ್ ಕೊಟ್ಟರೆ, ಏನಾಗುತ್ತದೆ, ಎಷ್ಟಾಗುತ್ತದೆ. ಈ ಚರ್ಚೆಯಲ್ಲಿ ಆಗಲೇ ಅಂಥವು ಸಿಕ್ಕಿವೆ, ಅವನ್ನೇ ಬರೆಯಿರಿ.

ಕಡೆಬೆಂಚು

ಹೀಗೆ ಬರೆದಿದ್ದೇನೆ. ನೋಡಿ ಹೇಳಿ:

> ಚಿಕ್ಕ ಬ್ಲಾಕ್‌ಗಳನ್ನು ಖಾಲಿ ಜಾಗದ ಮುಂದಿನ ತುದಿಯಿಂದ, 100 ಬೈಟ್ ಮತ್ತು ಅದಕ್ಕಿಂತ ದೊಡ್ಡವನ್ನು ಹಿಂದಿನ ತುದಿಯಿಂದ ಕೊಡುತ್ತೇವೆ. ಇದಕ್ಕೆ ಕಾರಣ 64/448 ಟ್ರೇಸ್. ಒಂದೇ ತುದಿಯಿಂದ ಕೊಟ್ಟಾಗ ಅದರಲ್ಲಿ ಪ್ರತಿ ಜೋಡಿಗೆ 1072 ಬೈಟ್ ಹೀಪ್ ಬೇಕಾಯಿತು, ಯುಟಿಲೈಸೇಶನ್ 53.7% ಇತ್ತು. ಬದಲಾಯಿಸಿದ ಮೇಲೆ 93%. ನಮ್ಮ ಬ್ಲಾಕ್ ವಿನ್ಯಾಸದಲ್ಲಿ ಈ ಟ್ರೇಸ್‌ಗೆ ಮೇಲ್ಮಿತಿ 94.7%.
>
> 100 ಅನ್ನುವ ಗಡಿಯನ್ನು ಕೊಟ್ಟ ಟ್ರೇಸ್‌ಗಳನ್ನು ನೋಡಿ ಆರಿಸಿದೆವು. ಎರಡೂ ಗಾತ್ರಗಳು ಗಡಿಯ ಒಂದೇ ಬದಿಗೆ ಬಂದರೆ ಲಾಭವಿಲ್ಲ. 64ರ ಬದಲು 112 ಹಾಕಿದಾಗ ಯುಟಿಲೈಸೇಶನ್ 55.7% ಆಯಿತು. ದೊಡ್ಡ ಕೋರಿಕೆಗಳೇ ಬರುತ್ತಿದ್ದರೆ ಪ್ರತಿ ತುಂಡಿನ ಮಧ್ಯದ ಉಳಿಕೆ ಮುಂದಿನ ತುಂಡಿಗೆ ಸೇರುವುದಿಲ್ಲ. ನಿಜವಾದ ಪ್ರೋಗ್ರಾಂಗಳಲ್ಲಿ ಇಂಥ ಮಾದರಿ ಅಪರೂಪ.

ವರದಿ ತಿದ್ದುವವಳು

ಕೊನೆಯ ವಾಕ್ಯ ತೆಗೆಯಿರಿ. ನಿಜವಾದ ಪ್ರೋಗ್ರಾಂಗಳನ್ನು ನೀವು ಅಳೆದಿಲ್ಲ. ಅದನ್ನು ಬಿಟ್ಟರೆ ಉಳಿದದ್ದು ಚೆನ್ನಾಗಿದೆ.

ಬಿಟ್ ಬೇಟೆ

ಅಪರೂಪವೂ ಅಲ್ಲ ಅದು. ಒಂದು ಚಿಕ್ಕ ನೋಡ್, ಅದರ ಜೊತೆಗೊಂದು ದೊಡ್ಡ ಬಫರ್, ನೋಡ್ ಉಳಿಸಿಕೊಂಡು ಬಫರ್ ಬದಲಾಯಿಸುವ ಕೋಡ್ ಎಷ್ಟು ಬೇಕಾದರೂ ಇದೆ.

ಶೂನ್ಯವಿಳಾಸ

ದೊಡ್ಡವು ಮಾತ್ರ ಬರುವ ಪ್ರಕರಣಕ್ಕೆ ಅಂಕಿ ಇಲ್ಲವಲ್ಲ. 112ರದ್ದಕ್ಕೆ ಕೊಟ್ಟ ಹಾಗೆ ಅದಕ್ಕೂ ಕೊಡಿ. ಬರೀ 448 ಕೇಳಿ, ಫ್ರೀ ಮಾಡಬೇಡಿ. 4096ರಲ್ಲಿ 464 ಎಂಟು ಹಿಡಿಯುತ್ತವೆ, 384 ಉಳಿಯುತ್ತದೆ. 3584 ಭಾಗ 4096, ಅಂದರೆ 87.5%. ಒಂದೇ ತುದಿಯಿಂದ ಕೊಟ್ಟಿದ್ದರೆ ಉಳಿಕೆ ಮುಂದಿನದಕ್ಕೆ ಸೇರಿ 448 ಭಾಗ 464, ಹತ್ತಿರ ಹತ್ತಿರ 96.6% ಬರುತ್ತಿತ್ತು.

ಪಾಯಿಂಟರ್ ಪ್ರಿಯ

ನೋಡಿ, ಮೊದಲಿಗಿಂತ ಕೆಟ್ಟದಾಗುವ ಟ್ರೇಸ್ ಸಿಕ್ಕಿತು.

ಹಳೇ ಟರ್ಮಿನಲ್

ಹೌದು, ಒಂಬತ್ತು ಅಂಶ ಇಳಿಯುತ್ತದೆ. ಮೊದಲಿದ್ದ ಸ್ಥಿತಿಗೆ ಮರಳುತ್ತದೆ ಅಂದ ನನ್ನ ಮಾತು ಈ ಟ್ರೇಸ್‌ಗೆ ನಿಲ್ಲಲ್ಲ. ಹೀಪ್ ಬೆಳೆದ ಕೂಡಲೇ ಬರುವ ಮೊದಲ ದೊಡ್ಡ ಕೋರಿಕೆಯನ್ನು ಮುಂದಿನ ತುದಿಯಿಂದಲೇ ಕೊಟ್ಟರೆ ತಪ್ಪಿಸಬಹುದಾ ಅಂತ ಯೋಚಿಸುತ್ತಿದ್ದೇನೆ. ಆದರೆ ಆಗ 64/448ರಲ್ಲಿ ಆ 464 ಚಿಕ್ಕವುಗಳ ಬದಿಗೆ ಸೇರಿ ಒಂಟಿಯಾಗಿ ಉಳಿಯುತ್ತದೆ.

ಕಡೆಬೆಂಚು

ಸದ್ಯಕ್ಕೆ 87.5ರ ಸಾಲನ್ನು ಮಿತಿಗಳಿಗೆ ಸೇರಿಸಿದ್ದೇನೆ, ಕೊನೆಯ ವಾಕ್ಯ ತೆಗೆದೆ. ನಾಳೆ ನಾನೇ ಆ ಟ್ರೇಸ್ ಬರೆದು ಓಡಿಸಿ, ಲೆಕ್ಕದ ಜೊತೆ ಅಳತೆಯೂ ಹಾಕುತ್ತೇನೆ. ಗಡಿ 100ರ ಬದಲು ಟ್ರೇಸ್ ಓಡುವಾಗಲೇ ಬಂದ ಗಾತ್ರಗಳನ್ನು ನೋಡಿ ತಾನೇ ಬದಲಾಗುವ ಹಾಗೆ ಮಾಡಿದವರು ಯಾರಾದರೂ ಇದ್ದೀರಾ?

ರಾತ್ರಿ ಡಿಬಗ್ಗರ್

ಇತ್ತೀಚಿನ ಗಾತ್ರಗಳ ಸರಾಸರಿ ಇಟ್ಟು ಮಾಡಿದ್ದೆ. ಒಂದು ದೊಡ್ಡ `realloc` ಬಂದರೆ ಸರಾಸರಿ ಎಲ್ಲೋ ಹೋಗಿ ಎಲ್ಲವೂ ಚಿಕ್ಕವೇ ಆಗಿಬಿಡುತ್ತಿದ್ದವು. ಮಧ್ಯದ ಬೆಲೆ ಇಟ್ಟರೆ ಸರಿಹೋಗಬಹುದು. ಕೋಡ್ ಹುಡುಕಿ ಹಾಕುತ್ತೇನೆ.